ದ್ವೇಷಕ್ಕೆ ಕಡತ ಸಂಖ್ಯೆ ಬಿದ್ದ ಕಥೆ: ಸಮಾಜ ವಿಜ್ಞಾನ ಪಠ್ಯ ಬರೆಯುವವರಿಗೆ ಒಂದು ಬಹಿರಂಗ ಪತ್ರ

ಪ್ರೌಢಶಾಲೆಯ ಸಮಾಜ ವಿಜ್ಞಾನ ಪಾಠ ಬರೆಯುವ, ಪ್ರಶ್ನೆಪತ್ರಿಕೆ ತಯಾರಿಸುವ, ಪಾಠ ಮಾಡುವ ಮಾನ್ಯರಿಗೆ ನಮಸ್ಕಾರಗಳು.

ನಾನು ತಾಲ್ಲೂಕು ಕಚೇರಿಯಲ್ಲಿ 33 ವರ್ಷ ಗುಮಾಸ್ತನಾಗಿದ್ದು ನಿವೃತ್ತನಾದವನು. ಇತಿಹಾಸದ ಪಂಡಿತನಲ್ಲ. ಫಾರಂ, ಕಡತ, ಟಿಪ್ಪಣಿ, ಷರಾ, ಇಷ್ಟೇ ನನ್ನ ಪ್ರಪಂಚ. ಆ ಪ್ರಪಂಚದಲ್ಲಿ ಇದ್ದವನು ಅನ್ನೋ ಕಾರಣಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ಹೋದ ವರ್ಷ ಮೊಮ್ಮಗಳು ಹತ್ತನೇ ಕ್ಲಾಸು. ಒಂದು ಸಂಜೆ ಅವಳ ನೋಟ್ಸ್ ತಿರುವಿ ಹಾಕುತ್ತಿದ್ದೆ. ಎರಡು ಅಂಕದ ಪ್ರಶ್ನೆ: ಹೋಲೋಕಾಸ್ಟ್ ಎಂದರೇನು? ಉತ್ತರ: ಹಿಟ್ಲರ್ ಯಹೂದಿಗಳನ್ನು ದ್ವೇಷಿಸುತ್ತಿದ್ದನು. ಅವನು 60 ಲಕ್ಷ ಯಹೂದಿಗಳನ್ನು ಕೊಲ್ಲಿಸಿದನು. ಕೆಳಗೆ ಕೆಂಪು ಶಾಯಿಯಲ್ಲಿ ಎರಡಕ್ಕೆ ಎರಡು.

ಉತ್ತರದಲ್ಲಿ ಸುಳ್ಳಿಲ್ಲ. ಆದರೆ ನನಗೆ ಸಮಾಧಾನ ಆಗಲಿಲ್ಲ. ಒಬ್ಬ ದ್ವೇಷಿಸಿದ, 60 ಲಕ್ಷ ಜನ ಸತ್ತರು. ಇವೆರಡು ವಾಕ್ಯಗಳ ನಡುವೆ ಒಂದು ಇಡೀ ಸರ್ಕಾರ ಕಾಣೆಯಾಗಿದೆ ಅನ್ನಿಸಿತು. ಅವಳ ಶಾಲೆಗೆ ಹೋಗಿ, ಒಂದು ಪೀರಿಯಡ್ ಕೊಡಿ, ನಾನು ನೋಡಿಬಂದಿದ್ದನ್ನು ಮಕ್ಕಳಿಗೆ ಹೇಳುತ್ತೇನೆ ಅಂತ ಕೇಳಿದೆ. ಮೇಷ್ಟ್ರು ಒಳ್ಳೆಯವರು. ಚಹಾ ಕೊಟ್ಟು, "ಪೋರ್ಷನ್ ಮುಗಿಬೇಕಲ್ವಾ ಸಾರ್, ಅದು ಎರಡು ಅಂಕದ್ದು ಅಷ್ಟೆ" ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಎರಡು ಅಂಕ ಅಂತ ತೀರ್ಮಾನ ಮಾಡಿದವರಿಗೆ ನನ್ನ ಅಹವಾಲು.

ನಾನು ನೋಡಿಬಂದಿದ್ದು ಏನು ಅಂದರೆ, ಬರ್ಲಿನ್ನಿನ ಗ್ರೂನೆವಾಲ್ಡ್ ಅನ್ನೋ ರೈಲು ನಿಲ್ದಾಣ. ಮಗ ಆ ಊರಲ್ಲಿ ಕೆಲಸದಲ್ಲಿದ್ದಾನೆ. ಸುತ್ತಮುತ್ತ ಶ್ರೀಮಂತರ ಮನೆಗಳು, ದೊಡ್ಡ ಮರಗಳು. ಲೋಕಲ್ ರೈಲಿನಿಂದ ಇಳಿದು 17ನೇ ಪ್ಲಾಟ್‌ಫಾರಂ ಕಡೆಗೆ ಹೋದರೆ ಅಲ್ಲಿಗೆ ಯಾವ ರೈಲೂ ಬರುವುದಿಲ್ಲ. ಹಳಿಗಳ ಮಧ್ಯೆ ಗಿಡ ಬೆಳೆದಿವೆ. ಪ್ಲಾಟ್‌ಫಾರಂ ಉದ್ದಕ್ಕೂ ಕಬ್ಬಿಣದ ಹಲಗೆಗಳನ್ನು ಹಾಸಿದ್ದಾರೆ. ಒಟ್ಟು 186. ಜರ್ಮನ್ ರೈಲ್ವೆಯೇ 1998ರಲ್ಲಿ ಮಾಡಿಸಿದ್ದು. ಒಂದೊಂದು ಹಲಗೆಯ ಅಂಚಿನಲ್ಲೂ ದಿನಾಂಕ, ಎಷ್ಟು ಜನ, ಎಲ್ಲಿಂದ ಎಲ್ಲಿಗೆ, ಇಷ್ಟೇ ಅಕ್ಷರ. ಯಹೂದಿಗಳನ್ನು ತುಂಬಿಕೊಂಡ ಮೊದಲ ರೈಲು ಇಲ್ಲಿಂದ ಹೊರಟಿದ್ದು 1941ರ ಅಕ್ಟೋಬರ್ 18. ಕೊನೆಯದು 1945ರ ಮಾರ್ಚ್ 27, ಹದಿನೆಂಟು ಜನ. ಆಗ ರಷ್ಯನ್ನರ ಸೇನೆ ಬರ್ಲಿನ್ ಹತ್ತಿರಕ್ಕೇ ಬಂದಿತ್ತು. ರಾಜ್ಯವೇ ಮುಳುಗುತ್ತಿರುವಾಗ ಹದಿನೆಂಟು ಜನರನ್ನು ಲೆಕ್ಕ ಮಾಡಿ ರೈಲು ಹತ್ತಿಸಿದ್ದಾರೆ.

ನನಗೆ ಅಲ್ಲಿ ಅಳು ಬರಲಿಲ್ಲ. ಇದು ಡಿಸ್ಪ್ಯಾಚ್ ರಿಜಿಸ್ಟರ್ ಅಲ್ವಾ ಅನ್ನಿಸಿತು. ತಾರೀಕು, ಸಂಖ್ಯೆ, ವಿಳಾಸ. ಜೀವನಪೂರ್ತಿ ನಾನು ಬರೆದಿದ್ದೂ ಅದನ್ನೇ. ಬೆನ್ನಲ್ಲಿ ಚಳಿ ಹುಟ್ಟಿದ್ದು ಆವಾಗ.

ಊರಿಗೆ ಬಂದಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ. ಓದುತ್ತಾ ಹೋದಂತೆ ಒಂದು ವಿಷಯ ಸ್ಪಷ್ಟವಾಯಿತು. ಯುರೋಪಿನಲ್ಲಿ ಯಹೂದಿಗಳ ಮೇಲಿನ ದ್ವೇಷ ನೂರಾರು ವರ್ಷ ಹಳೆಯದು. ದಂಗೆ, ಲೂಟಿ, ಗಡೀಪಾರು ಎಲ್ಲ ಹಿಂದೆಯೂ ಆಗಿದ್ದವು. ದಂಗೆ ನಾಲ್ಕು ದಿನ ನಡೆದು ನಿಲ್ಲುತ್ತದೆ. ಜನ ಸುಸ್ತಾಗುತ್ತಾರೆ, ಮನೆಗೆ ಹೋಗುತ್ತಾರೆ. ಕಚೇರಿ ಸುಸ್ತಾಗುವುದಿಲ್ಲ. ಬೆಳಗ್ಗೆ ಮತ್ತೆ ಬಾಗಿಲು ತೆಗೆಯುತ್ತದೆ. 1933ರ ನಂತರ ಜರ್ಮನಿಯಲ್ಲಿ ಹೊಸದಾಗಿ ಆಗಿದ್ದು ಇದು.

ಮೊದಲ ಪೆಟ್ಟು ಬಿದ್ದದ್ದು ನಮ್ಮಂಥ ಸರ್ಕಾರಿ ನೌಕರರ ಮೇಲೆಯೇ. 1933ರ ಏಪ್ರಿಲ್ 7ರಂದು ಒಂದು ಕಾಯ್ದೆ ಬಂತು. ಹೆಸರು ನೋಡಿ: ವೃತ್ತಿಪರ ಸರ್ಕಾರಿ ಸೇವೆಯನ್ನು ಮತ್ತೆ ಸ್ಥಾಪಿಸುವ ಕಾಯ್ದೆ. ಕೇಳಿದರೆ ಏನೋ ಸುಧಾರಣೆ ಅನ್ನಿಸಬೇಕು. ಒಳಗಿದ್ದದ್ದು, "ಆರ್ಯರಲ್ಲದ" ನೌಕರರನ್ನು ಮನೆಗೆ ಕಳಿಸಿ ಅಂತ. ಆಗ ದೇಶದಲ್ಲಿದ್ದ ಯಹೂದಿಗಳು ಸುಮಾರು 5 ಲಕ್ಷ. ನೂರು ಜನರಲ್ಲಿ ಒಬ್ಬರೂ ಅಲ್ಲ. ಮೊದಲ ಮಹಾಯುದ್ಧದಲ್ಲಿ ಮುಂಚೂಣಿಯಲ್ಲಿ ಹೋರಾಡಿದವರಿಗೆ ವಿನಾಯಿತಿ ಇತ್ತು. ಅದೂ 1935ರ ಕೊನೆಗೆ ಮುಗಿಯಿತು.

ಇಲ್ಲಿ ಒಂದು ತೊಡಕು ಬಂತು. ಕಾಯ್ದೆ ಮಾಡುವುದು ಸುಲಭ. ಅದು ಯಾರಿಗೆ ಅನ್ವಯ ಅಂತ ಹೇಳಬೇಕಲ್ಲ? ಭಾಷಣದಲ್ಲಿ "ರಕ್ತ, ರಕ್ತ" ಅಂತ ಕೂಗಬಹುದು. ಮೇಜಿನ ಮುಂದೆ ನಿಂತ ಮನುಷ್ಯನ ರಕ್ತವನ್ನು ಗುಮಾಸ್ತ ಹೇಗೆ ಓದುತ್ತಾನೆ? ಅವನೂ ಜರ್ಮನ್ ಮಾತಾಡುತ್ತಾನೆ, ಅದೇ ಕೋಟು ಹಾಕುತ್ತಾನೆ. ಎಷ್ಟೋ ಜನ ಆಗಲೇ ಕ್ರೈಸ್ತರಾಗಿದ್ದರು. ಕೆಲವರಿಗೆ ತಮ್ಮ ಅಜ್ಜ ಯಹೂದಿ ಅಂತ ಗೊತ್ತೂ ಇರಲಿಲ್ಲ.

ಉತ್ತರ ಸಿಕ್ಕಿದ್ದು ಚರ್ಚಿನ ಬೀರುವಿನಲ್ಲಿ. 1935ರ ಸೆಪ್ಟೆಂಬರ್ 15ರಂದು ನ್ಯೂರೆಂಬರ್ಗ್ ಕಾಯ್ದೆಗಳು ಬಂದವು. ಯಹೂದಿಗಳ ಪೌರತ್ವದ ಹಕ್ಕು ಹೋಯಿತು. ಯಹೂದಿ ಮತ್ತು ಜರ್ಮನ್ ಮದುವೆ ಅಪರಾಧವಾಯಿತು. ಎರಡು ತಿಂಗಳ ನಂತರ, ನವೆಂಬರ್ 14ಕ್ಕೆ, ಯಹೂದಿ ಅಂದರೆ ಯಾರು ಅನ್ನೋ ನಿಯಮ ಹೊರಬಿತ್ತು. ಇಬ್ಬರು ಅಜ್ಜ, ಇಬ್ಬರು ಅಜ್ಜಿ, ಒಟ್ಟು ನಾಲ್ವರನ್ನು ಲೆಕ್ಕ ಹಾಕಿ. ಮೂವರು ಅಥವಾ ನಾಲ್ವರು ಯಹೂದಿಗಳಾಗಿದ್ದರೆ ನೀವು ಯಹೂದಿ. ಸರಿ, ಅಜ್ಜ ಯಹೂದಿ ಅಂತ ಗೊತ್ತಾಗೋದು ಹೇಗೆ? ಅವರು ಯಹೂದಿ ಧಾರ್ಮಿಕ ಸಮುದಾಯದ ಸದಸ್ಯರಾಗಿದ್ದರೆ ಸಾಕು.

ಸ್ವಲ್ಪ ನಿಂತು ಯೋಚಿಸಿ. ಇದು ಧರ್ಮದ ವಿಷಯ ಅಲ್ಲ, ಜನಾಂಗದ ವಿಷಯ, ವಿಜ್ಞಾನ ಅಂತ ಹೇಳಿದವರು, ಕೊನೆಗೆ ನೋಡಿದ್ದು ಯಾರು ಯಾವ ದೇವರಿಗೆ ಕೈಮುಗಿಯುತ್ತಿದ್ದರು ಅನ್ನೋ ದಾಖಲೆಯನ್ನು. ವಿಜ್ಞಾನ ಇರಲೇ ಇಲ್ಲ. ರಿಜಿಸ್ಟರ್ ಇತ್ತು ಅಷ್ಟೆ. ನನ್ನ ಪ್ರಕಾರ ಮಕ್ಕಳಿಗೆ ಮೊದಲು ಹೇಳಬೇಕಾದ್ದು ಇದನ್ನೇ. ಇದರಷ್ಟು ಚೆನ್ನಾಗಿ ಆ ಸಿದ್ಧಾಂತದ ಬಂಡವಾಳ ಬಯಲು ಮಾಡುವುದು ಇನ್ನೊಂದಿಲ್ಲ.

ಒಂದು ಉದಾಹರಣೆ ಹಾಕಿ ನೋಡೋಣ. ಒಬ್ಬ ಅಣ್ಣ, ಒಬ್ಬಳು ತಂಗಿ. ಒಂದೇ ತಂದೆ ತಾಯಿ. ಅಪ್ಪನ ಕಡೆಯ ಅಜ್ಜ ಅಜ್ಜಿ ಯಹೂದಿಗಳು, ಅಮ್ಮನ ಕಡೆಯವರು ಕ್ರೈಸ್ತರು. ಅಂದರೆ ನಾಲ್ವರಲ್ಲಿ ಇಬ್ಬರು. ಮಕ್ಕಳಿಬ್ಬರಿಗೂ ಬ್ಯಾಪ್ಟಿಸಂ ಆಗಿದೆ. ಅಣ್ಣ ಕ್ರೈಸ್ತ ಹುಡುಗಿಯನ್ನು ಮದುವೆಯಾಗಿದ್ದಾನೆ. ತಂಗಿಯ ಗಂಡ ಯಹೂದಿ. ನಿಯಮದ ಪ್ರಕಾರ ಅಣ್ಣ "ಒಂದನೇ ದರ್ಜೆಯ ಮಿಶ್ರ". ತಂಗಿ, ಯಹೂದಿಯನ್ನು ಮದುವೆಯಾದ ಕಾರಣಕ್ಕೆ, ಪೂರ್ತಿ ಯಹೂದಿ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರ "ರಕ್ತ" ಮದುವೆಯ ಸರ್ಟಿಫಿಕೇಟಿನಿಂದ ಬೇರೆ ಆಯಿತು. ಕಾಗದದ ಮೇಲಿನ ಈ ವ್ಯತ್ಯಾಸ ಆಮೇಲೆ ಯಾರು ರೈಲು ಹತ್ತಬೇಕು ಅನ್ನೋದನ್ನು ತೀರ್ಮಾನಿಸಿತು.

ಯಹೂದಿ ಅಲ್ಲದವರಿಗೂ ಬಿಡುವಿರಲಿಲ್ಲ. ತಾನು ಆರ್ಯ ಅಂತ ತೋರಿಸಬೇಕಾದವನು ತನ್ನದೊಂದು, ಅಪ್ಪ ಅಮ್ಮನದು ಎರಡು, ಅಜ್ಜ ಅಜ್ಜಿಯರದು ನಾಲ್ಕು, ಒಟ್ಟು ಏಳು ಜನನದ ಅಥವಾ ಬ್ಯಾಪ್ಟಿಸಂ ಪತ್ರ ತರಬೇಕು. ಜೊತೆಗೆ ಮೂರು ಮದುವೆ ಪತ್ರ. ದೇಶಪೂರ್ತಿ ಜನ ಪಾದ್ರಿಗಳಿಗೆ ಕಾಗದ ಬರೆದರು. ಪಾದ್ರಿಗಳು ಹಳೆಯ ಪುಸ್ತಕ ತೆಗೆದು, ನಕಲು ಬರೆದು, ಸೀಲು ಒತ್ತಿ ಕಳಿಸಿದರು. ವಂಶವೃಕ್ಷ ನಮ್ಮ ಕಚೇರಿಯಲ್ಲೂ ಕೊಡುತ್ತೇವೆ, ಜಮೀನು ಪಾಲಾಗುವಾಗ, ಪಿಂಚಣಿ ಬರಬೇಕಾದಾಗ. ಹಾಗಾಗಿ ಆ ಸಾಲು ನನ್ನ ಕಣ್ಣಿಗೆ ಕಟ್ಟುತ್ತದೆ: ಕೈಯಲ್ಲಿ ಫೈಲು ಹಿಡಿದು, "ಸ್ವಾಮಿ, ಅಜ್ಜಿದೊಂದು ಸಿಗ್ತಾ ಇಲ್ಲ" ಅನ್ನುವ ಜನ. ಆ ಪತ್ರಕ್ಕಾಗಿ ಓಡಾಡಿದ ಪ್ರತಿಯೊಬ್ಬನೂ, ಇಷ್ಟವಿರಲಿ ಬಿಡಲಿ, ಈ ವಿಂಗಡಣೆ ಸಹಜ ಅಂತ ಒಪ್ಪಿಕೊಂಡಂತಾಯಿತು.

ಇನ್ನು ಆಸ್ತಿಯ ವಿಷಯಕ್ಕೆ ಬರುತ್ತೇನೆ. 1938ರ ಏಪ್ರಿಲ್‌ನಲ್ಲಿ, 5,000 ಮಾರ್ಕ್‌ಗಿಂತ ಜಾಸ್ತಿ ಆಸ್ತಿ ಇರುವ ಯಹೂದಿಗಳೆಲ್ಲ ಅದನ್ನು ಘೋಷಿಸಬೇಕು ಅಂತ ಆದೇಶ ಬಂತು. ಸುಮ್ನೆ ಘೋಷಣೆ. ಯಾರೂ ಏನೂ ಕಿತ್ತುಕೊಳ್ಳಲಿಲ್ಲ. ಅದೇ ನವೆಂಬರ್ 9ರ ರಾತ್ರಿ ದೇಶದಾದ್ಯಂತ ಯಹೂದಿಗಳ ಪ್ರಾರ್ಥನಾ ಮಂದಿರಗಳಾದ ಸಿನಗಾಗ್‌ಗಳಿಗೆ ಬೆಂಕಿ ಇಟ್ಟರು, ಅಂಗಡಿಗಳ ಗಾಜು ಒಡೆದರು, ಸುಮಾರು 30,000 ಗಂಡಸರನ್ನು ಹಿಡಿದು ಶಿಬಿರಗಳಿಗೆ ಕಳಿಸಿದರು. ಮೂರನೇ ದಿನ ಸರ್ಕಾರ ದಂಡ ಹಾಕಿತು. ಹೊಡೆದವರಿಗಲ್ಲ, ಹೊಡೆತ ತಿಂದವರಿಗೆ. ನೂರು ಕೋಟಿ ಮಾರ್ಕ್. ಒಡೆದ ಗಾಜಿಗೆ ಬರಬೇಕಾದ ವಿಮೆ ಹಣವನ್ನೂ ಸರ್ಕಾರವೇ ಜಪ್ತಿ ಮಾಡಿಕೊಂಡಿತು. ಯಾರು ಎಷ್ಟು ಕಟ್ಟಬೇಕು ಅಂತ ಲೆಕ್ಕ ಹಾಕಲು ಕಷ್ಟವೇ ಆಗಲಿಲ್ಲ. ಏಪ್ರಿಲ್‌ನಲ್ಲಿ ಅವರೇ ತುಂಬಿಕೊಟ್ಟ ಫಾರಂ ಇತ್ತಲ್ಲ. ಅದರ ಮೇಲೆ ಶೇಕಡಾ 20, ಕಂತು ಕಂತಾಗಿ. ಸಾಲದೆ ಹೋದಾಗ ಇನ್ನೂ 5.

ಮಧ್ಯದಲ್ಲಿ ಬಂದ ಆದೇಶಗಳನ್ನೆಲ್ಲ ಹೇಳುತ್ತಾ ಹೋದರೆ ಪತ್ರ ಮುಗಿಯುವುದಿಲ್ಲ. 1939ರಿಂದ ಯಹೂದಿ ಗಂಡಸರು ಹೆಸರಿಗೆ "ಇಸ್ರೇಲ್", ಹೆಂಗಸರು "ಸಾರಾ" ಅಂತ ಸೇರಿಸಿಕೊಳ್ಳಬೇಕಾಯಿತು. ಪಾಸ್‌ಪೋರ್ಟಿಗೆ ಕೆಂಪು "ಜೆ" ಮುದ್ರೆ ಬಿತ್ತು. 1941ರ ಸೆಪ್ಟೆಂಬರ್‌ನಿಂದ ಆರು ವರ್ಷ ದಾಟಿದವರೆಲ್ಲ ಎದೆಯ ಮೇಲೆ ಹಳದಿ ನಕ್ಷತ್ರ ಹೊಲಿದುಕೊಳ್ಳಬೇಕಾಯಿತು. ಬರ್ಲಿನ್ನಿನಲ್ಲಿ ಬವೇರಿಯನ್ ಕ್ವಾರ್ಟರ್ ಅನ್ನೋ ಬಡಾವಣೆ ಇದೆ. ಅಲ್ಲಿ ದೀಪದ ಕಂಬಗಳಿಗೆ 80 ಫಲಕ ನೇತುಹಾಕಿದ್ದಾರೆ, ಒಂದೊಂದರಲ್ಲಿ ಒಂದೊಂದು ಆದೇಶ. ಸಂಜೆ ನಾಲ್ಕರಿಂದ ಐದರವರೆಗೆ ಮಾತ್ರ ದಿನಸಿ ಕೊಳ್ಳಬಹುದು. ಸಾಕುಪ್ರಾಣಿ ಇಟ್ಟುಕೊಳ್ಳುವಂತಿಲ್ಲ. ಈ ಎರಡನೆಯದರ ಹಿಂದೆ ಒಂದು ಬೆಕ್ಕಿನ ಚಿತ್ರ. ಫಲಕದ ಕೆಳಗೆ ಜನ ತರಕಾರಿ ಚೀಲ ಹಿಡಿದು ಓಡಾಡುತ್ತಿದ್ದರು. ಬೆಕ್ಕನ್ನು ಬಿಡಿಸಿ ಸರ್ಕಾರಕ್ಕೆ ಏನು ಸಿಕ್ಕಿತು ಅಂತ ಮಗನನ್ನು ಕೇಳಿದೆ. ಅವನಿಗೂ ಗೊತ್ತಿರಲಿಲ್ಲ. ಈಗ ಅನ್ನಿಸುತ್ತದೆ, ಏನೂ ಸಿಗಬೇಕಾಗಿರಲಿಲ್ಲ. ಆದೇಶ ಹೊರಡಿಸುವುದೇ ಅಭ್ಯಾಸವಾಗಿತ್ತು.

ನಾನು ನಿಜವಾಗಿ ಹೇಳಬೇಕು ಅಂದುಕೊಂಡದ್ದು ಒಂದು ಫಾರಂ ಬಗ್ಗೆ. 16 ಪುಟದ್ದು. ಹೆಸರು "ಆಸ್ತಿ ಘೋಷಣೆ". ಬರ್ಲಿನ್ನಿನಿಂದ ಸಾಗಿಸಲು ಪಟ್ಟಿಯಾದವರು ಹೊರಡುವ ಮೊದಲು ಇದನ್ನು ತುಂಬಬೇಕಿತ್ತು. ಮನೆಯಲ್ಲಿ ಎಷ್ಟು ಕೋಣೆ, ಬಾಡಿಗೆ ಎಷ್ಟು, ಬ್ಯಾಂಕಿನಲ್ಲಿ ಎಷ್ಟು, ಯಾರಿಂದ ಎಷ್ಟು ಬರಬೇಕು. ಆಮೇಲೆ ಸಾಮಾನು: ಮಂಚ, ಕುರ್ಚಿ, ಪರದೆ, ದೀಪ, ಪಾತ್ರೆ. ಆಮೇಲೆ ಬಟ್ಟೆ: ಅಂಗಿ, ಕಾಲುಚೀಲ, ಕರವಸ್ತ್ರ. ಎಷ್ಟು ಇವೆ, ಬೆಲೆ ಏನು. ಕೊನೆಗೆ ಸಹಿ.

ಒಬ್ಬ ವಿಧವೆ ಅಂತ ಇಟ್ಟುಕೊಳ್ಳಿ. ಹೆಸರು ಬೇಡ, ಇಂಥವರ ಕಡತಗಳು ಹತ್ತಾರು ಸಾವಿರ ಇವೆ, ಪಾಟ್ಸ್‌ಡಾಂನ ದಾಖಲೆಮನೆಯಲ್ಲಿ. ಆಕೆ ಅಡುಗೆಮನೆ ಮೇಜಿನ ಮುಂದೆ ಕೂತು ಕರವಸ್ತ್ರ ಎಣಿಸುತ್ತಾಳೆ. ಪೊಲೀಸರು ಬಂದು ಮನೆಗೆ ಬೀಗ ಹಾಕಿ ಸೀಲ್ ಮಾಡುತ್ತಾರೆ. ಆಕೆಯನ್ನು ಜನ ಸೇರಿಸುವ ಜಾಗಕ್ಕೆ ಕರೆದೊಯ್ಯುತ್ತಾರೆ. ಮೊದಮೊದಲು ಅದು ಲೆವೆಟ್ಸೋ ರಸ್ತೆಯ ಸಿನಗಾಗ್, ಅವರದೇ ಪ್ರಾರ್ಥನಾ ಮಂದಿರ. ಅಲ್ಲಿಂದ ಗ್ರೂನೆವಾಲ್ಡ್.

ಆಕೆಯ ಆಸ್ತಿ ಸರ್ಕಾರಕ್ಕೆ ಸೇರಬೇಕಾದರೆ ಕಾನೂನು ಬೇಕು. ಕಳ್ಳತನ ಅಂತ ಯಾರೂ ಅನ್ನಬಾರದು. ಅದಕ್ಕೆ 1941ರ ನವೆಂಬರ್ 25ರಂದು ಒಂದು ನಿಯಮ ಮಾಡಿದರು: ವಾಸಸ್ಥಳವನ್ನು ವಿದೇಶಕ್ಕೆ ಬದಲಾಯಿಸಿದ ಯಹೂದಿ ಪೌರತ್ವ ಕಳೆದುಕೊಳ್ಳುತ್ತಾನೆ, ಆಸ್ತಿ ಸರ್ಕಾರಕ್ಕೆ ಸೇರುತ್ತದೆ. ಬಾಗಿಲು ಹಾಕಿದ ರೈಲಿನಲ್ಲಿ ತುಂಬಿ ಗಡಿ ದಾಟಿಸಿದ್ದನ್ನು "ವಾಸಸ್ಥಳ ಬದಲಾವಣೆ" ಅಂತ ಬರೆದುಕೊಂಡರು. ಗಡಿಯೊಳಗೇ ಇದ್ದ ಜಾಗಗಳಿಗೆ ಈ ನಿಯಮ ಹೊಂದುತ್ತಿರಲಿಲ್ಲ. ಅಂಥ ಕಡೆ ಹೋಗುವವರಿಗೆ ಬೇರೆ ಜಪ್ತಿ ಆದೇಶ ತಯಾರಿಸಿ, ಜನ ಸೇರಿಸಿದ ಜಾಗದಲ್ಲೇ ಕೋರ್ಟಿನ ಅಮೀನನ ಕೈಯಲ್ಲಿ ಜಾರಿ ಮಾಡಿಸಿದರು. ನೋಟಿಸು ಜಾರಿ ಆಗದೆ ಮುಂದಿನ ಕೆಲಸ ಇಲ್ಲ! ಈ ಶಿಸ್ತನ್ನು ನಾನೂ ಪಾಲಿಸಿದವನು. ಹೀಗೆ ಬಳಕೆಯಾಗಬಹುದು ಅಂತ ಯಾವತ್ತೂ ಯೋಚಿಸಿರಲಿಲ್ಲ.

ರೈಲ್ವೆಯವರು ಬಾಡಿಗೆ ವಸೂಲು ಮಾಡಿದರು. ಮೂರನೇ ದರ್ಜೆಯ ದರ, ಕಿಲೋಮೀಟರಿಗೆ 4 ಫೆನಿಗ್, ಹೋಗುವುದಕ್ಕೆ ಮಾತ್ರ. ಮಕ್ಕಳಿಗೆ ಅರ್ಧ. ನಾಲ್ಕು ವರ್ಷದ ಒಳಗಿನವರಿಗೆ ಉಚಿತ. 400 ಜನರಿಗಿಂತ ಹೆಚ್ಚಿದ್ದರೆ ಪ್ರವಾಸಿ ಗುಂಪುಗಳಿಗೆ ಕೊಡುವ ರಿಯಾಯಿತಿ. ಕಾವಲಿನವರಿಗೆ ಮಾತ್ರ ಹೋಗಿಬರುವ ಟಿಕೆಟ್.

ಆಕೆ ಹೋದಮೇಲೂ ಕಡತ ಮುಗಿಯುವುದಿಲ್ಲ. ಅಮೀನ ಬಂದು ಮಹಜರು ಮಾಡಿ ಸಾಮಾನಿಗೆ ಬೆಲೆ ಕಟ್ಟುತ್ತಾನೆ. ವ್ಯಾಪಾರಿ ಬಂದು ಒಯ್ಯುತ್ತಾನೆ. ಮನೆ ಮಾಲೀಕ ಹಣಕಾಸು ಇಲಾಖೆಗೆ ಅರ್ಜಿ ಹಾಕುತ್ತಾನೆ, ಮನೆಗೆ ಸೀಲ್ ಇದ್ದ ತಿಂಗಳುಗಳ ಬಾಡಿಗೆ ಯಾರು ಕೊಡುತ್ತಾರೆ ಅಂತ. ಕರೆಂಟಿನವರು, ಗ್ಯಾಸಿನವರು ಬಾಕಿ ಬಿಲ್ಲು ಕಳಿಸುತ್ತಾರೆ. ಎಲ್ಲಕ್ಕೂ ಉತ್ತರ ಹೋಗುತ್ತದೆ, ಕಡತ ಸಂಖ್ಯೆ ನಮೂದಿಸಿ. ಆಕೆ ಸತ್ತು ತಿಂಗಳುಗಳಾಗಿರುತ್ತವೆ, ಆಕೆಯ ಕರೆಂಟ್ ಬಿಲ್ಲು ಇನ್ನೂ ಇತ್ಯರ್ಥವಾಗಿರುವುದಿಲ್ಲ.

ಮಾನ್ಯರೇ, ಈ ಕಡತ ಎಷ್ಟು ಮೇಜು ದಾಟಿತು ಎಣಿಸಿ. ಪಾದ್ರಿ, ಪೊಲೀಸು, ತೆರಿಗೆ ಗುಮಾಸ್ತ, ಅಮೀನ, ರೈಲ್ವೆ ಲೆಕ್ಕಿಗ, ಕರೆಂಟ್ ಕಂಪನಿಯ ಬಿಲ್ ಕ್ಲರ್ಕ್. ಇವರಲ್ಲಿ ಎಷ್ಟು ಜನ ಯಾರನ್ನಾದರೂ ಕೊಂದರು? ಒಬ್ಬರೂ ಇಲ್ಲ. ಎಷ್ಟು ಜನಕ್ಕೆ ಯಹೂದಿಗಳನ್ನು ಕಂಡರೆ ಉರಿಯುತ್ತಿತ್ತು? ಕೆಲವರಿಗೆ ಇದ್ದಿರಬೇಕು. ಉಳಿದವರಿಗೆ ಅದರ ಅಗತ್ಯವೇ ಬೀಳಲಿಲ್ಲ. ಅದಕ್ಕೇ "ಹಿಟ್ಲರ್ ದ್ವೇಷಿಸುತ್ತಿದ್ದನು" ಅನ್ನೋ ಉತ್ತರಕ್ಕೆ ಎರಡು ಅಂಕ ಜಾಸ್ತಿ ಅನ್ನುತ್ತೇನೆ. ಅದು ಒಬ್ಬನ ಹೆಸರು ಹೇಳಿ ಇಷ್ಟೂ ಮೇಜುಗಳನ್ನು ಖುಲಾಸೆ ಮಾಡುತ್ತದೆ.

"ಆಗ ಬೇರೆ ದಾರಿ ಇರಲಿಲ್ಲ, ಇಲ್ಲ ಅಂದಿದ್ದರೆ ಅವರನ್ನೇ ಕೊಲ್ಲುತ್ತಿದ್ದರು" ಅಂತ ಕೆಲವರು ಹೇಳುತ್ತಾರೆ. ಹಾಗಾದರೆ ಲೋಥಾರ್ ಕ್ರೈಸಿಗ್ ಅವರ ಕಥೆ ಹೇಳಬೇಕು. ಬ್ರಾಂಡೆನ್‌ಬರ್ಗ್ ಊರಿನ ನ್ಯಾಯಾಧೀಶರು. ಬುದ್ಧಿಮಾಂದ್ಯರು, ಮಾನಸಿಕ ರೋಗಿಗಳ ಪಾಲಕತ್ವದ ಕಡತಗಳು ಅವರ ಹತ್ತಿರ ಬರುತ್ತಿದ್ದವು. 1940ರಲ್ಲಿ ತಮ್ಮ ಕಡತಗಳಲ್ಲಿ ಸಾವಿನ ಸುದ್ದಿ ಇದ್ದಕ್ಕಿದ್ದಂತೆ ಜಾಸ್ತಿಯಾಗಿದ್ದನ್ನು ಗಮನಿಸಿದರು. ಸರ್ಕಾರ ಆ ರೋಗಿಗಳನ್ನು ಗುಟ್ಟಾಗಿ ಕೊಲ್ಲಿಸುತ್ತಿತ್ತು. 1941ರ ಆಗಸ್ಟ್ ಹೊತ್ತಿಗೆ ಹಾಗೆ ಸತ್ತವರು ಸುಮಾರು 70,000. ಕ್ರೈಸಿಗ್ ನ್ಯಾಯ ಮಂತ್ರಿಗೆ ಪತ್ರ ಬರೆದರು. ಆಸ್ಪತ್ರೆಗಳಿಗೆ, ನನ್ನ ಒಪ್ಪಿಗೆ ಇಲ್ಲದೆ ನನ್ನ ಪಾಲನೆಯಲ್ಲಿರುವವರನ್ನು ಸಾಗಿಸಬೇಡಿ ಅಂತ ಲಿಖಿತ ಆದೇಶ ಕಳಿಸಿದರು. ಇದರ ಹೊಣೆ ಹೊತ್ತಿದ್ದ ನಾಜಿ ನಾಯಕ ಬೌಲರ್ ಮೇಲೆ ಕೊಲೆ ದೂರು ಕೊಟ್ಟರು. ಮಂತ್ರಿ ಕರೆಸಿ, ಫ್ಯೂರರ್ ಹಿಟ್ಲರನ ಇಚ್ಛೆಯೇ ಕಾನೂನು, ಒಪ್ಪದಿದ್ದರೆ ನೀವು ನ್ಯಾಯಾಧೀಶರಾಗಿ ಇರಲು ಆಗದು ಎಂಬರ್ಥದ ಮಾತು ಹೇಳಿದರು. ಅವರು ಒಪ್ಪಲಿಲ್ಲ. ಏನಾಯಿತು? 1942ರಲ್ಲಿ ಕಡ್ಡಾಯ ನಿವೃತ್ತಿ. ಜಮೀನು ನೋಡಿಕೊಂಡು ಇದ್ದರು. ತೀರಿಕೊಂಡಿದ್ದು 1986ರಲ್ಲಿ. ಎಲ್ಲರಿಗೂ ಹೀಗೇ ಆಗುತ್ತಿತ್ತು ಅಂತ ನಾನು ಹೇಳಲಾರೆ. ಕರಪತ್ರ ಹಂಚಿದ ಹುಡುಗರ ತಲೆ ಕಡಿದ ಸರ್ಕಾರ ಅದು. ಆದರೆ ಕುರ್ಚಿಯಲ್ಲಿ ಕೂತವನಿಗೆ "ಇಲ್ಲ" ಅನ್ನಲು ಜಾಗವೇ ಇರಲಿಲ್ಲ ಅನ್ನೋದು ಪೂರ್ತಿ ನಿಜವಲ್ಲ.

ಇನ್ನೊಂದು ಕಡೆ ಹಾನ್ಸ್ ಗ್ಲೋಬ್ಕೆ. ಗೃಹ ಇಲಾಖೆಯ ಅಧಿಕಾರಿ. 1936ರಲ್ಲಿ ನ್ಯೂರೆಂಬರ್ಗ್ ಕಾಯ್ದೆಗಳಿಗೆ ಭಾಷ್ಯ ಬರೆದವರಲ್ಲಿ ಒಬ್ಬರು. ಯುದ್ಧ ಮುಗಿದು, ಪಶ್ಚಿಮ ಜರ್ಮನಿ ಪ್ರಜಾಪ್ರಭುತ್ವವಾದ ಮೇಲೆ, 1953ರಿಂದ 1963ರವರೆಗೆ ಪ್ರಧಾನಿ ಆಡನೌವರ್ ಅವರ ಕಚೇರಿಯ ಮುಖ್ಯಸ್ಥರಾಗಿದ್ದರು. ಕೈದಿಯ ಬಟ್ಟೆ ಹಾಕಲಿಲ್ಲ. ನೆನಪು ಬೇಕಾಗುವುದು ಇಂಥ ಕಡೆ. ಕೊಲೆ ಮಾಡಿದವನನ್ನು ಕೋರ್ಟು ಹುಡುಕುತ್ತದೆ. ಟಿಪ್ಪಣಿ ಬರೆದವನನ್ನು ಜನರು ಮರೆತರೆ ಮುಗಿಯಿತು, ಅವನಿಗೆ ಬಡ್ತಿ.

ನಮ್ಮ ಮಕ್ಕಳಲ್ಲಿ ಎಷ್ಟೋ ಜನ ನಾಳೆ ಕೆಪಿಎಸ್‌ಸಿ ಬರೆಯುತ್ತಾರೆ, ಬ್ಯಾಂಕಿಗೆ ಹೋಗುತ್ತಾರೆ, ಗಣಕಯಂತ್ರದ ಮುಂದೆ ಕೂತು ಜನರ ವಿವರ ತುಂಬುತ್ತಾರೆ. ಅವರಲ್ಲಿ ಯಾರೂ ಹಿಟ್ಲರ್ ಆಗುವುದಿಲ್ಲ. ಗುಮಾಸ್ತರಂತೂ ಆಗುತ್ತಾರೆ. ಆದ್ದರಿಂದ ನನ್ನ ಕೋರಿಕೆ ಇಷ್ಟು. ಪಾಠದಲ್ಲಿ ಹಿಟ್ಲರನ ಬಾಲ್ಯ, ಮೀಸೆ, ಭಾಷಣ ಇವುಗಳಿಗೆ ಕೊಡುವ ಜಾಗದಲ್ಲಿ ಒಂದು ಪುಟ ಕಡಿಮೆ ಮಾಡಿ, ಆ 16 ಪುಟದ ಫಾರಂನ ಒಂದು ಪುಟವನ್ನು ಕನ್ನಡದಲ್ಲಿ ಅಚ್ಚು ಹಾಕಿ. ಕರವಸ್ತ್ರದ ಕಾಲಂ ಇರುವ ಪುಟ ಆದರೆ ಒಳ್ಳೆಯದು. ಅಜ್ಜ ಅಜ್ಜಿಯರ ಲೆಕ್ಕದ ನಿಯಮವನ್ನು ಕೊಟ್ಟು, ಆ ಅಣ್ಣ ತಂಗಿಯ ಲೆಕ್ಕವನ್ನು ಮಕ್ಕಳೇ ಮಾಡಲಿ, ಅದು ಎಲ್ಲಿ ತಪ್ಪುತ್ತದೆ ಅಂತ ಅವರೇ ಕಂಡುಕೊಳ್ಳಲಿ. ಮತ್ತು ಮೇಷ್ಟ್ರುಗಳಿಗೆ ಇದಕ್ಕೆ ಒಂದು ಪೀರಿಯಡ್ ಜಾಸ್ತಿ ಕೊಡಿ. ಪೋರ್ಷನ್ ಅಂತ ಅವರು ಒದ್ದಾಡುವುದನ್ನು ನಾನು ನೋಡಿದ್ದೇನೆ.

ಪರೀಕ್ಷೆಯಲ್ಲಿ ಬರದಿದ್ದರೆ ಯಾರೂ ಓದುವುದಿಲ್ಲ ಅನ್ನೋದು ನನಗೂ ಗೊತ್ತು. ಹಾಗಾಗಿ ಪ್ರಶ್ನೆಯನ್ನೂ ನಾನೇ ಬರೆದುಕೊಡುತ್ತಿದ್ದೇನೆ, ಬೇಕಾದರೆ ತಿದ್ದಿಕೊಳ್ಳಿ:

"1942ರಲ್ಲಿ ಬರ್ಲಿನ್ನಿನ ಒಬ್ಬ ವಿಧವೆಯನ್ನು ಮನೆಯಿಂದ ಹೊರಡಿಸಿ ರೈಲು ಹತ್ತಿಸುವವರೆಗೆ ಯಾವ ಯಾವ ಕಚೇರಿಗಳ ಸಹಿ ಬೇಕಾಯಿತು? ಅವುಗಳಲ್ಲಿ ಯಾವುದಾದರೂ ಒಂದು ಮೇಜಿನಲ್ಲಿ ನೀವು ಕೂತಿದ್ದರೆ, ಆ ಕಾಗದದ ಮೇಲೆ ಏನು ಷರಾ ಬರೆಯುತ್ತಿದ್ದಿರಿ? (4 ಅಂಕ)"

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಗುಮಾಸ್ತ